ಕಾರ್ಬುರೈಸಿಂಗ್ ಲೆಕ್ಕ: ಕೆಜಿಗೆ ತರೋದಾ, ಶೇಕಡಾದಲ್ಲೇ ಬಿಡೋದಾ?

ಮೈಸೂರಲ್ಲಿ ಇಂಜಿನಿಯರಿಂಗ್ ಹುಡುಗರಿಗೆ ಸ್ಟೆಡಿ ಸ್ಟೇಟ್ ಡಿಫ್ಯೂಷನ್, ಅಂದರೆ ಹೊತ್ತು ಕಳೆದರೂ ಹಂಚಿಕೆ ಬದಲಾಗದ ಹಾಗೆ ಕಾರ್ಬನ್ ಹರಿಯುವುದನ್ನು, ಹೇಳಿಕೊಡುವಾಗ ಎರಡು ದಾರಿಯನ್ನೂ ಮಾಡಿಸಿ ನೋಡಿದ್ದೇನೆ. ಒಂದು, ಕಾರ್ಬನ್ ಶೇಕಡಾವನ್ನು ಮೊದಲೇ ಘನ ಮೀಟರ್‌ಗೆ ಇಷ್ಟು ಕೆಜಿ ಅಂತ ಬದಲಾಯಿಸಿ ಸೂತ್ರಕ್ಕೆ ಹಾಕುವುದು. ಇನ್ನೊಂದು, ಶೇಕಡಾದಲ್ಲೇ ಬಿಟ್ಟು, ಆಳಕ್ಕೆ ತಕ್ಕ ಹಾಗೆ ಕಾರ್ಬನ್ ಇಳಿಯುವ ನೇರ ಗೆರೆ ಎಳೆದು ಅನುಪಾತದಲ್ಲಿ ಬಿಡಿಸುವುದು.

ಸ್ಟೀಲಿಗೆ ಕಾರ್ಬನ್ ಸೇರಿಸುವ ಕಾರ್ಬುರೈಸಿಂಗ್‌ನ ಈ ಲೆಕ್ಕ ನೋಡಿ. 2 ಮಿಮೀ ದಪ್ಪದ ಸ್ಟೀಲ್ ಪ್ಲೇಟ್, ತಾಪಮಾನ 950 ಡಿಗ್ರಿ ಸೆಲ್ಸಿಯಸ್. ಒಂದು ಮುಖಕ್ಕೆ ಕಾರ್ಬನ್ ಕೊಡುವ ಗ್ಯಾಸ್, ಅಲ್ಲಿ ಕಾರ್ಬನ್ 0.8%. ಇನ್ನೊಂದು ಮುಖದ ಗ್ಯಾಸ್ ಕಾರ್ಬನ್ ಎಳೆದುಕೊಳ್ಳುತ್ತದೆ, ಅಲ್ಲಿ 0.2%. ಎರಡೂ ಬದಲಾಗದೆ ನಿಂತಿವೆ. ಸ್ಟೀಲಲ್ಲಿ ಕಾರ್ಬನ್ ಎಷ್ಟು ಬೇಗ ಹರಡುತ್ತೆ ಅಂತ ಹೇಳುವ D ಸುಮಾರು 1.1×10⁻¹¹ m²/s.

ಎಷ್ಟು ಆಳದಲ್ಲಿ 0.6% ಸಿಗುತ್ತೆ ಅಂತ ಕೇಳಿದರೆ ಗೆರೆಯ ದಾರಿಯೇ ವಾಸಿ. ಒಟ್ಟು ಇಳಿತ 0.6, ನಮಗೆ ಬೇಕಾದ ಇಳಿತ 0.2, ಅಂದರೆ ದಪ್ಪದ ಮೂರನೇ ಒಂದು ಪಾಲು, 0.67 ಮಿಮೀ. D ಕೂಡ ಬೇಕಾಗಲಿಲ್ಲ! ಇಲ್ಲಿ ಕೆಜಿಗೆ ಬದಲಾಯಿಸುವುದು ಸುಮ್ನೆ ಜಾಸ್ತಿ ಕೆಲಸ.

ಫ್ಲಕ್ಸ್, ಅಂದರೆ ಒಂದು ಚದರ ಮೀಟರ್‌ನಲ್ಲಿ ಸೆಕೆಂಡಿಗೆ ಎಷ್ಟು ಕಾರ್ಬನ್ ದಾಟುತ್ತೆ ಅಂತ ಕೇಳಿದರೆ ಮಾತು ಬೇರೆ. ಕಬ್ಬಿಣದ ಸಾಂದ್ರತೆ 7870 kg/m³, ಅದರ 0.6% ಅಂದರೆ 47.2 kg/m³ ವ್ಯತ್ಯಾಸ. ಗ್ಯಾಸ್ ಕೊಡುವ ಮುಖದಿಂದ x ಅಳೆದರೆ ಕಾರ್ಬನ್ ಇಳಿಯುತ್ತಾ ಹೋಗುವುದರಿಂದ ΔC ಋಣ, ಸೂತ್ರದ ಮೈನಸ್ ಅದನ್ನು ಧನ ಮಾಡುತ್ತದೆ.

```
J = -D ΔC/Δx
  = -(1.1e-11)(-47.2)/0.002
  = 2.6e-7 kg/m²·s
```

ಶೇಕಡಾವನ್ನೇ ಹಾಕಿದರೆ 3.3×10⁻⁹ ಬರುತ್ತೆ, ನೋಡೋಕೆ ಏನೂ ತಪ್ಪು ಕಾಣಲ್ಲ. ಆದರೆ ಯುನಿಟ್ ಬರೆದು ನೋಡಿ, ಕೆಜಿ ಎಲ್ಲೂ ಇರಲ್ಲ, ಉತ್ತರ ಸುಮಾರು 79 ಪಟ್ಟು ಚಿಕ್ಕದು. ಅದಕ್ಕೇ ನಾನು ಪ್ರತಿ ಸಾಲಲ್ಲೂ ಯುನಿಟ್ ಬರೆಸುತ್ತೇನೆ. ಸರಿಯಾದ ಉತ್ತರವನ್ನು 3600ರಿಂದ ಗುಣಿಸಿದರೆ ಒಂದು ಚದರ ಮೀಟರ್‌ನಲ್ಲಿ ಗಂಟೆಗೆ ಹತ್ತಿರ ಹತ್ತಿರ ಒಂದು ಗ್ರಾಂ ಕಾರ್ಬನ್ ದಾಟುತ್ತೆ ಅಂತ ಗೊತ್ತಾಗುತ್ತೆ, ಕಣ್ಣಿಗೆ ಕಟ್ಟುವ ಲೆಕ್ಕ ಅದು, ಅಲ್ವಾ?

ನನ್ನ ಆಯ್ಕೆ: ಆಳ ಕೇಳಿದರೆ ಗೆರೆ, ಫ್ಲಕ್ಸ್ ಅಥವಾ D ಕೇಳಿದರೆ ಕೆಜಿ.

ಆದರೆ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ ಕಡೆ ಕೆಲಸಕ್ಕೆ ಹೋಗುವವರು ಇದನ್ನು ಗೇರ್ ಕಾರ್ಬುರೈಸಿಂಗ್‌ಗೆ ಹಚ್ಚಬೇಡಿ. ಗೇರ್‌ನ ಒಳಗಿಂದ ಕಾರ್ಬನ್ ಎಳೆದುಕೊಳ್ಳುವವರು ಯಾರೂ ಇಲ್ಲ, ಒಳಗೆ ಹೋದದ್ದು ಸೇರುತ್ತಲೇ ಇರುತ್ತೆ, ಗಂಟೆಗಂಟೆಗೂ ಗೆರೆ ಬದಲಾಗುತ್ತೆ. ಈ 2 ಮಿಮೀ ಪ್ಲೇಟಲ್ಲೇ ದಪ್ಪದ ವರ್ಗವನ್ನು D ಇಂದ ಭಾಗಿಸಿದರೆ ಸುಮಾರು 100 ಗಂಟೆ ಬರುತ್ತೆ, ಗೆರೆ ನಿಲ್ಲೋಕೆ ಅದರ ಅರ್ಧದಷ್ಟಾದರೂ ಬೇಕು. ಗೇರ್‌ನ ಕೇಸ್ ಡೆಪ್ತ್‌ಗೆ, ಅಂದರೆ ಗಟ್ಟಿಯಾದ ಹೊರಪದರದ ಆಳಕ್ಕೆ, ಹೊತ್ತಿನ ಜೊತೆ ಬದಲಾಗುವ ಗೆರೆಯನ್ನು ಹೇಳುವ ಫಿಕ್‌ನ ಎರಡನೇ ನಿಯಮವನ್ನೇ ಹಿಡಿಯಬೇಕು.