ಪಿಸಿಬಿ ಕೊಕ್ಕೆಗೆ ಲಿಫ್ಟರ್ ಹಾಕಬೇಕಾ, ತಳಕ್ಕೆ ಕಿಂಡಿ ಬಿಡಬೇಕಾ? ಎರಡನ್ನೂ ಮಾಡಿ ನೋಡಿದ ಮೇಲೆ

ಬೋರ್‌ವೆಲ್ ಪಂಪಿನ ಸ್ಟಾರ್ಟರ್ ಪಕ್ಕದಲ್ಲಿ ಗೋಡೆಗೆ ಹೊಡೆಯುವ ಒಂದು ಚಿಕ್ಕ ಕಂಟ್ರೋಲರ್ ಡಬ್ಬಿ. ಎಬಿಎಸ್ ಪ್ಲಾಸ್ಟಿಕ್, ಗೋಡೆ ದಪ್ಪ 2.2 ಮಿ.ಮೀ., ಆಳ 40 ಮಿ.ಮೀ. ಮುಚ್ಚಳಕ್ಕೆ ನಾಲ್ಕು ಸ್ಕ್ರೂ. ಒಳಗೆ ಪಿಸಿಬಿಗೆ, ಅಂದರೆ ಸರ್ಕ್ಯೂಟ್ ಬೋರ್ಡಿಗೆ, ಮಾತ್ರ ಸ್ಕ್ರೂ ಬೇಡ, ಎರಡು ಕಡೆ ಕೊಕ್ಕೆ ಇರಲಿ, ಒತ್ತಿದರೆ ಟಕ್ ಅಂತ ಕೂರಬೇಕು ಅಂತ ಅಸೆಂಬ್ಲಿಯವರು ಕೇಳಿದ್ದರು. ಈ ಡಬ್ಬಿಯ ಎರಡು ಮಾಡೆಲ್‌ಗೆ ಪೀಣ್ಯದಲ್ಲಿ ಬೇರೆ ಬೇರೆ ಮೋಲ್ಡ್ ಮಾಡಿಸಿದೆವು. ಕೊಕ್ಕೆಯನ್ನು ಒಂದರಲ್ಲಿ ಲಿಫ್ಟರ್‌ನಿಂದ, ಅಂದರೆ ಓರೆಯಾಗಿ ಸರಿಯುವ ಸ್ಟೀಲ್ ತುಂಡಿನಿಂದ, ತೆಗೆದೆವು, ಇನ್ನೊಂದರಲ್ಲಿ ತಳದ ಕಿಂಡಿಯಿಂದ. ಕೇಬಲ್ ತೂತಿಗೂ ಹಾಗೇ, ಒಂದರಲ್ಲಿ ಪಕ್ಕಕ್ಕೆ ಸರಿಯುವ ಸ್ಟೀಲ್ ತುಂಡು, ಅಂದರೆ ಸ್ಲೈಡರ್, ಇನ್ನೊಂದರಲ್ಲಿ ಇಲ್ಲ.

ಮೊದಲು ಲೈನ್ ವಿಷಯ. ಮೋಲ್ಡ್‌ನ ಎರಡು ಅರ್ಧದಲ್ಲಿ ಡಬ್ಬಿಯ ಹೊರಮೈ ರೂಪಿಸುವುದು ಕ್ಯಾವಿಟಿ, ಒಳಮೈ ರೂಪಿಸುವುದು ಕೋರ್, ಎರಡೂ ಸೇರುವ ಪಾರ್ಟಿಂಗ್ ಲೈನ್ ಬಾಯಿಯ ಅಂಚಿನಲ್ಲಿ. ಇದಕ್ಕಿಂತ ಸರಳ ಜಾಗ ಇಲ್ಲ, ಮುಚ್ಚಳ ಕೂತರೆ ಗೆರೆಯೂ ಮುಚ್ಚಿಹೋಗುತ್ತದೆ. ಆದರೆ 40 ಮಿ.ಮೀ. ಆಳಕ್ಕೂ ಡ್ರಾಫ್ಟ್, ಅಂದರೆ ಪಾರ್ಟ್ ಸಲೀಸಾಗಿ ಬಿಡಿಸಿಕೊಳ್ಳಲಿ ಅಂತ ಗೋಡೆಗೆ ಕೊಡುವ ಓರೆ, ಒಂದೇ ಕಡೆಗೆ ಕೊಡಬೇಕಾಗುತ್ತದೆ. 1 ಡಿಗ್ರಿ ಕೊಟ್ಟರೆ ತಳದಿಂದ ಬಾಯಿಗೆ ಬರುವಷ್ಟರಲ್ಲಿ ಒಂದು ಬದಿಗೆ 0.7 ಮಿ.ಮೀ. ಅಗಲ ಆಗುತ್ತದೆ, 2 ಡಿಗ್ರಿಗೆ 1.4. ಎರಡೂ ಬದಿ ಸೇರಿಸಿದರೆ 2.8 ಮಿ.ಮೀ., ಅದು ಕಣ್ಣಿಗೆ ಕಾಣುತ್ತದೆ. ಲೈನನ್ನು ಗೋಡೆಯ ಮಧ್ಯಕ್ಕೆ ತಂದರೆ ಹೊರಮೈಯಲ್ಲಿ ಇದು ಅರ್ಧಕ್ಕೆ ಇಳಿಯುತ್ತದೆ ನಿಜ, ಆದರೆ ಡಬ್ಬಿ ಸುತ್ತ ಒಂದು ಗೆರೆ ಉಳಿದುಬಿಡುತ್ತದೆ, ಎರಡು ಅರ್ಧ ಕೂದಲೆಳೆ ಆಚೀಚೆ ಆದರೂ ಬೆರಳಿಗೆ ಸಿಗುತ್ತದೆ. ನಾನು ಅದನ್ನು ಒಪ್ಪಲಿಲ್ಲ.

ಮೊದಲ ಮಾಡೆಲ್ ಹೊರಮೈ ನುಣುಪು, 1 ಡಿಗ್ರಿ ಸಾಕಾಯಿತು. ಎರಡನೆಯದಕ್ಕೆ ಮಾರ್ಕೆಟಿಂಗ್‌ನವರು ಟೆಕ್ಸ್ಚರ್ ಬೇಕು ಅಂದರು. ಟೆಕ್ಸ್ಚರ್ ಅಂದರೆ ಸ್ಟೀಲಿನಲ್ಲಿ ಸಣ್ಣ ಸಣ್ಣ ಗುಂಡಿ, ಒಂದೊಂದು ಗುಂಡಿಯೂ ಒಂದು ಪುಟ್ಟ ಅಂಡರ್‌ಕಟ್, ನೇರ ಎಳೆದರೆ ಸಿಕ್ಕಿಕೊಳ್ಳುವ ಜಾಗ. ಆಳ 0.025 ಮಿ.ಮೀ. ಇದ್ದರೆ ಇರುವ ಡ್ರಾಫ್ಟಿಗೆ ಇನ್ನೂ 1ರಿಂದ 1.5 ಡಿಗ್ರಿ ಸೇರಿಸಬೇಕು ಅನ್ನೋದು ಟೂಲ್ ರೂಮ್‌ಗಳ ಹಳೆಯ ಲೆಕ್ಕ, ಅದು ಸುಮ್ನೆ ಹೇಳುವ ಮಾತಲ್ಲ. ಕಡಿಮೆ ಬಿದ್ದರೆ ಹೇಗೆ ಗೊತ್ತಾಗುತ್ತದೆ? ಮೋಲ್ಡ್ ತೆರೆಯುವ ದಿಕ್ಕಿನಲ್ಲೇ ಉದ್ದುದ್ದ ಹೊಳೆಯುವ ಗೆರೆಗಳು ಬರುತ್ತವೆ, ಟೆಕ್ಸ್ಚರ್ ಉಜ್ಜಿಹೋದ ಹಾಗೆ. ಗೆರೆ ಅಡ್ಡಡ್ಡ ಅಥವಾ ಸೊಟ್ಟ ಇದ್ದರೆ ಡ್ರಾಫ್ಟನ್ನು ಬೈಯಬೇಡಿ, ಕಾರಣ ಬೇರೆ ಇರುತ್ತದೆ. ಒಳಮೈಯ ಗುರುತು ಇನ್ನೊಂದು ತರ. ಎಬಿಎಸ್ ತಣ್ಣಗಾಗುವಾಗ 0.4ರಿಂದ 0.7 ಶೇಕಡಾ ಕುಗ್ಗಿ ಕೋರನ್ನೇ ಬಿಗಿಯಾಗಿ ಹಿಡಿಯುತ್ತದೆ. ಅಲ್ಲಿ ಡ್ರಾಫ್ಟ್ ಸಾಲದಿದ್ದರೆ ಎಜೆಕ್ಟರ್ ಪಿನ್ ತಳ್ಳಿದ ಜಾಗದ ಹೊರಗಡೆ ಬಿಳಿ ಚುಕ್ಕೆ ಕಾಣಿಸುತ್ತದೆ.

ಈಗ ಕೊಕ್ಕೆ. ತಳದಿಂದ 8 ಮಿ.ಮೀ. ಎದ್ದು ನಿಂತ ಒಂದು ಕಾಲು, ತುದಿಯಲ್ಲಿ ಪಿಸಿಬಿ ಕಡೆಗೆ 1.2 ಮಿ.ಮೀ. ಚಾಚಿದ ಮೂಗು. ಮೂಗಿನ ಕೆಳಗಿನ ಜಾಗದಲ್ಲಿ ಸ್ಟೀಲ್ ಇರಲೇಬೇಕು, ಆದರೆ ಕೋರ್ ನೇರ ಮೇಲಕ್ಕೆ ಹೋಗುವಾಗ ಅದೇ ಸ್ಟೀಲ್ ಮೂಗಿಗೆ ಸಿಕ್ಕಿಕೊಳ್ಳುತ್ತದೆ. ಅಂಡರ್‌ಕಟ್ ಅಂದರೆ ಇಷ್ಟೇ. ಪಾಲಿಪ್ರೊಪಿಲೀನ್ ಹಾಕಿ ಎಳೆದು ಜಾರಿಸಿಬಿಡಿ ಅಂತ ಒಬ್ಬರು ಹೇಳಿದರು. ಬಾಟಲ್ ಮುಚ್ಚಳದಲ್ಲಿ ಅದು ನಡೆಯುತ್ತದೆ. ಇಲ್ಲಿ ಕಾಲಿನ ಬೆನ್ನ ಹಿಂದೆಯೂ ಕೋರ್ ಸ್ಟೀಲೇ ಇದೆ, ಕಾಲು ಬಾಗೋಕೆ ಜಾಗ ಎಲ್ಲಿ? ಅದನ್ನು ಅಲ್ಲಿಗೇ ಬಿಟ್ಟೆವು.

ಮೊದಲ ಮಾಡೆಲ್‌ನಲ್ಲಿ ಲಿಫ್ಟರ್. ಮೂಗಿನ ಕೆಳಗಿನ ಸ್ಟೀಲನ್ನು ಒಂದು ಓರೆ ಕಂಬಿಯ ತಲೆಯಾಗಿ ಮಾಡಿ, ಎಜೆಕ್ಟರ್ ಪ್ಲೇಟ್ ಮುಂದೆ ಬಂದ ಹಾಗೆ ಅದು ಪಾರ್ಟನ್ನು ತಳ್ಳುತ್ತಾ ಪಕ್ಕಕ್ಕೂ ಸರಿಯುತ್ತದೆ. ಮೂಗು 1.2, ಮೇಲೆ 0.8 ಗ್ಯಾಪ್, ಒಟ್ಟು 2 ಮಿ.ಮೀ. ಸರಿಯಬೇಕು. ಓರೆ 6 ಡಿಗ್ರಿ ಇಟ್ಟರೆ ಸುಮಾರು 19 ಮಿ.ಮೀ. ಎಜೆಕ್ಷನ್ ಬೇಕು. ಓರೆ ಜಾಸ್ತಿ ಮಾಡಿದರೆ ದೂರ ಕಡಿಮೆ ಆಗುತ್ತದೆ, ಆದರೆ ಕಂಬಿ ಮೇಲೆ ಅಡ್ಡ ಒತ್ತಡ ಬಿದ್ದು ಬೇಗ ಸವೆಯುತ್ತದೆ, ಬಾಗಿದರೂ ಬಾಗಿತು.

ಲಿಫ್ಟರ್‌ನ ದೊಡ್ಡ ಲಾಭ, ಹೊರಗಿನಿಂದ ಏನೂ ಕಾಣಲ್ಲ. ತಳದಲ್ಲಿ ತೂತಿಲ್ಲ, ಒಳಗೆ ಒಂದು ಚೌಕದ ಗೆರೆ ಬಿಟ್ಟರೆ ಏನಿಲ್ಲ, ಮುಖ್ಯ ಪಾರ್ಟಿಂಗ್ ಲೈನ್ ಅಂಚಿನಲ್ಲೇ ಆರಾಮಾಗಿ ಕೂತಿರುತ್ತದೆ. ಕಷ್ಟ ಒಳಗಡೆ. ಲಿಫ್ಟರ್ ತಲೆ ಸರಿಯುವ ದಾರಿಯಲ್ಲಿ ಒಂದು ರಿಬ್ ಕೂಡ ಇರಬಾರದು, ಇದ್ದರೆ ಕತ್ತರಿಸಿಕೊಂಡೇ ಹೋಗುತ್ತದೆ. ಪಿಸಿಬಿಗೆ ಆಸರೆ ಕೊಡುವ ರಿಬ್‌ಗಳು ಕೊಕ್ಕೆಯ ಪಕ್ಕದಲ್ಲೇ ಇದ್ದರೆ ಚೆನ್ನ, ಅವನ್ನೇ ದೂರ ತಳ್ಳಬೇಕಾಯಿತು. ಇನ್ನೊಂದು, ಪಾರ್ಟ್ ಲಿಫ್ಟರ್ ಜೊತೆಗೇ ಪಕ್ಕಕ್ಕೆ ಸವಾರಿ ಹೊರಡುವ ಚಾಳಿ ಇದೆ, ಆಗ ಮೂಗು ಬಿಡಿಸಿಕೊಳ್ಳುವುದೇ ಇಲ್ಲ. ನಮ್ಮ ಎರಡು ಕೊಕ್ಕೆ ಎದುರುಬದುರು ಇದ್ದದ್ದರಿಂದ ಎರಡು ಲಿಫ್ಟರ್ ಒಂದನ್ನೊಂದು ಸರಿದೂಗಿಸಿದವು. ಒಂದೇ ಕಡೆ ಕೊಕ್ಕೆ ಇರುವ ಡಬ್ಬಿಗೆ ಪಾರ್ಟನ್ನು ಹಿಡಿದಿಡಲು ರಿಬ್ಬೋ ಪಿನ್ನೋ ಬೇರೆ ಕೊಡಬೇಕು.

ಎರಡನೇ ಮಾಡೆಲ್‌ನಲ್ಲಿ ಕಿಂಡಿ. ಮೂಗಿನ ನೇರ ಕೆಳಗೆ ತಳದಲ್ಲಿ ಒಂದು ಆಯತದ ತೂತು. ಅದರ ಮೂಲಕ ಕ್ಯಾವಿಟಿ ಕಡೆಯಿಂದ ಒಂದು ಸ್ಟೀಲ್ ಗೂಟ ಎದ್ದು ಬಂದು ಮೂಗಿನ ಕೆಳಮೈಯನ್ನೂ ಕಾಲಿನ ಮುಂಭಾಗವನ್ನೂ ರೂಪಿಸುತ್ತದೆ, ಮೋಲ್ಡ್ ತೆರೆದಾಗ ನೇರವಾಗಿ ಕೆಳಗೆ ಹೊರಟುಹೋಗುತ್ತದೆ. ಓಡಾಡುವ ಭಾಗ ಒಂದೂ ಇಲ್ಲ. ಅಂಡರ್‌ಕಟ್ ಮಾಯ ಆಗಿಲ್ಲ, ಪಾರ್ಟಿಂಗ್ ಲೈನೇ ಒಳಗೆ ನುಗ್ಗಿ, ಕಿಂಡಿಯ ಸುತ್ತ ಹತ್ತಿ, ಕೊಕ್ಕೆಯ ಮೂಗಿನವರೆಗೆ ಬಂದಿದೆ, ಅಷ್ಟೇ.

ಇಲ್ಲಿ ಡ್ರಾಫ್ಟ್ ಲೆಕ್ಕ ಪೂರ್ತಿ ಬದಲಾಗುತ್ತದೆ. ಗೂಟದ ಮೂರು ಬದಿ ಕೋರ್ ಸ್ಟೀಲಿಗೆ ಉಜ್ಜಿಕೊಂಡು ಮುಚ್ಚುತ್ತವೆ, ಇದಕ್ಕೆ ಶಟ್‌ಆಫ್ ಅಂತಾರೆ. ಪ್ಲಾಸ್ಟಿಕ್ ಮೈಗೆ 1 ಡಿಗ್ರಿ ನಡೆದೀತು, ಸ್ಟೀಲಿಗೆ ಸ್ಟೀಲ್ ಮುಚ್ಚುವಲ್ಲಿ ಕನಿಷ್ಠ 3 ಡಿಗ್ರಿ ಬೇಕು. ಇಲ್ಲದಿದ್ದರೆ ಪ್ರತಿ ಸಲ ಮುಚ್ಚುವಾಗಲೂ ಉಜ್ಜಿ ಉಜ್ಜಿ ಸವೆದು, ಸವೆದ ಜಾಗದಲ್ಲಿ ಪ್ಲಾಸ್ಟಿಕ್ ನುಗ್ಗಿ ತೆಳ್ಳನೆ ಪೊರೆ ಬರುತ್ತದೆ, ಅದೇ ಫ್ಲಾಶ್. 8 ಮಿ.ಮೀ. ಎತ್ತರಕ್ಕೆ 3 ಡಿಗ್ರಿ ಅಂದರೆ ಒಂದು ಬದಿಗೆ 0.42 ಮಿ.ಮೀ., ಹಾಗಾಗಿ ತಳದಲ್ಲಿ ಕಿಂಡಿ ಕೊಕ್ಕೆಗಿಂತ ಅಷ್ಟು ಅಗಲವಾಗಿಯೇ ಇರುತ್ತದೆ.

ನಾಲ್ಕನೇ ಬದಿ, ಅಂದರೆ ಕೊಕ್ಕೆ ಕಾಲಿನ ಮುಂಭಾಗ, ಅಲ್ಲೇ ಇರೋದು ತಮಾಷೆ. ಗೂಟ ಕೆಳಕ್ಕೆ ಹೋಗಬೇಕಾದ್ದರಿಂದ ಅದು ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ. ಅದರ ಎದುರಿಗಿರುವ ಕಾಲು ಬುಡದಲ್ಲಿ ತೆಳ್ಳಗಾಗುತ್ತದೆ! ಕೊಕ್ಕೆ ಬಾಗುವಾಗ ಎಲ್ಲ ಒತ್ತಡ ಬೀಳುವುದು ಅದೇ ಬುಡಕ್ಕೆ, ಮುರಿಯುವುದೂ ಅಲ್ಲೇ. ಈ ಮೈ ಶಟ್‌ಆಫ್ ಅಲ್ಲವಾದ್ದರಿಂದ ಇಲ್ಲಿ 3 ಡಿಗ್ರಿ ಬೇಕಿಲ್ಲ. ನಾವು ಅರ್ಧ ಡಿಗ್ರಿಗೆ ಇಳಿಸಿದೆವು, ನಷ್ಟ ಬರೀ 0.07 ಮಿ.ಮೀ. ಬೆನ್ನ ಕಡೆ ಕೋರ್ ಮೇಲಕ್ಕೆ ಹೋಗುವುದರಿಂದ ಅಲ್ಲಿ ಡ್ರಾಫ್ಟ್ ಬುಡವನ್ನೇ ದಪ್ಪ ಮಾಡುತ್ತದೆ, ಅಲ್ಲಿ ಒಂದೂವರೆ ಡಿಗ್ರಿ ಕೊಟ್ಟು 0.2 ವಾಪಸ್ ಪಡೆದೆವು. ಕಾಲು ಸ್ವಲ್ಪ ಪಿಸಿಬಿ ಕಡೆ ವಾಲಿದಂತೆ ಕಾಣುತ್ತದೆ, ಕೆಲಸಕ್ಕೆ ತೊಂದರೆ ಇಲ್ಲ. ಕ್ಯಾಡ್‌ನಲ್ಲಿ ಎಲ್ಲ ಮೈಗೂ ಒಂದೇ ಕಡೆಯಿಂದ 1 ಡಿಗ್ರಿ ಹಾಕಿ ಕಳಿಸುವವರಿಗೆ ಇದು ಗೊತ್ತೇ ಆಗಲ್ಲ. ನಾವು ಹೋಗುತ್ತಿದ್ದ ಟೂಲ್ ರೂಮಿನ ಹಿರಿಯರು ಡ್ರಾಯಿಂಗ್ ನೋಡಿ ಮೊದಲು ಕೇಳುತ್ತಿದ್ದದ್ದೇ ಇದು: "ಡ್ರಾಫ್ಟ್ ಎಷ್ಟು ಅಂತ ಆಮೇಲೆ ಹೇಳಿ ಸಾರ್, ಲೈನ್ ಎಲ್ಲಿ ಅಂತ ಮೊದಲು ಹೇಳಿ."

ಕಿಂಡಿಯ ತೊಂದರೆ ಏನು? ತೂತು. ಡಬ್ಬಿ ಗೋಡೆಗೆ ಅಂಟಿಕೊಂಡೇ ಇರುವುದರಿಂದ ಕಾಣಲ್ಲ, ಆದರೆ ತೋಟದ ಪಂಪ್‌ಹೌಸ್‌ನಲ್ಲಿ ಇರುವೆಗೆ ಇದು ರಾಜದ್ವಾರ. ಬೆನ್ನಿಗೆ ಹೇಗೂ ಒಂದು ಲೇಬಲ್ ಅಂಟಿಸುತ್ತಿದ್ದೆವು, ಅದನ್ನೇ ದೊಡ್ಡದು ಮಾಡಿ ಎರಡೂ ಕಿಂಡಿ ಮುಚ್ಚಿದೆವು. ನೀರು ತಡೆಯಬೇಕಾದ ಡಬ್ಬಿಗೆ ಈ ಉಪಾಯ ನಡೆಯಲ್ಲ. ಅಲ್ಲಿ ಲಿಫ್ಟರೇ ಗತಿ, ಅಥವಾ ಕೊಕ್ಕೆ ಆಸೆ ಬಿಟ್ಟು ಸ್ಕ್ರೂ ಹಾಕಿ.

ಖರ್ಚಿನಲ್ಲಿ ಕಿಂಡಿ ಗೆದ್ದಿತು, ಮೇಂಟೆನೆನ್ಸ್‌ನಲ್ಲಿ ಇನ್ನೂ ಜಾಸ್ತಿ ಗೆದ್ದಿತು. ಲಿಫ್ಟರ್ ಮೋಲ್ಡ್‌ಗೆ ಗ್ರೀಸ್, ಕಂಬಿ ಸವೆತ, ತಲೆಯ ಸುತ್ತ ಫ್ಲಾಶ್ ಅಂತ ಆಗಾಗ ಕೆಲಸ ಇದ್ದೇ ಇತ್ತು. ಕಿಂಡಿ ಮೋಲ್ಡ್‌ನಲ್ಲಿ ನೋಡಬೇಕಾದ್ದು ಒಂದೇ, ಕಿಂಡಿಯ ಒಳ ಅಂಚಿನ ಪೊರೆ. ಗೂಟವನ್ನು ಬೇರೆ ಇನ್ಸರ್ಟ್ ಆಗಿ ಮಾಡಿಸಿದ್ದರಿಂದ ಸವೆದಾಗ ಅದೊಂದನ್ನೇ ಬದಲಿಸಬಹುದು. ಗೂಟವನ್ನು ಕ್ಯಾವಿಟಿಯಲ್ಲೇ ಕೊರೆದು ಬಿಡೋಣ ಅಂದರೆ ಒಪ್ಪಬೇಡಿ.

ಇನ್ನು ಕೇಬಲ್ ತೂತು, 7 ಮಿ.ಮೀ., ಪಕ್ಕದ ಗೋಡೆಯಲ್ಲಿ. ಮೊದಲ ಮಾಡೆಲ್‌ನಲ್ಲಿ ಪೂರ್ತಿ ದುಂಡು ತೂತು, ಅದಕ್ಕೆ ಸ್ಲೈಡರ್. ಗೋಡೆ 2.2, ಗ್ಯಾಪ್ 3, ಒಟ್ಟು 5.2 ಮಿ.ಮೀ. ಪಕ್ಕಕ್ಕೆ ಸರಿಯಬೇಕು. ಅದನ್ನು ಸರಿಸುವ ಆಂಗಲ್ ಪಿನ್ 18 ಡಿಗ್ರಿ, ಮೋಲ್ಡ್ 16 ಮಿ.ಮೀ. ತೆರೆಯುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಹಿಂದಿನಿಂದ ಬಿಗಿಯುವ ಲಾಕ್ ಬ್ಲಾಕ್ ಮಾತ್ರ ಪಿನ್‌ಗಿಂತ 2 ಡಿಗ್ರಿ ಜಾಸ್ತಿ ಇರಬೇಕು, ಇಲ್ಲವಾದರೆ ತೆರೆಯುವ ಕ್ಷಣಕ್ಕೆ ಸಿಕ್ಕಿಕೊಳ್ಳುತ್ತದೆ. ತೂತು ಚೆಂದ ಬಂತು, ಕೇಬಲ್ ಹಿಡಿಯುವ ಗ್ಲ್ಯಾಂಡ್ ಬಿಗಿಯಾಗಿ ಕೂತಿತು. ಸ್ಲೈಡರ್ ಬಿಡುವ ಗೆರೆಯನ್ನು ತೂತಿನ ಸುತ್ತ ಒಂದು ಸಣ್ಣ ಉಬ್ಬಿನ ಅಂಚಿಗೆ ತಂದು ಮುಚ್ಚಿದೆವು.

ಎರಡನೆಯದರಲ್ಲಿ ತೂತನ್ನೇ ಒಡೆದೆವು. ಡಬ್ಬಿಯ ಅಂಚಿನಿಂದ 10 ಮಿ.ಮೀ. ಆಳದ ಒಂದು ಕಚ್ಚು, ಮೇಲಿನಿಂದ ಅದನ್ನು ಮುಚ್ಚಲು ಮುಚ್ಚಳದಿಂದ ಇಳಿಯುವ ನಾಲಿಗೆ. ಪಾರ್ಟಿಂಗ್ ಲೈನ್ ಅಲ್ಲಿ ಮಾತ್ರ ಮೆಟ್ಟಿಲಿಳಿದು ಮತ್ತೆ ಹತ್ತುತ್ತದೆ, ಸ್ಲೈಡರ್ ಬೇಕಿಲ್ಲ. ಇಲ್ಲೂ ಅದೇ ಶಟ್‌ಆಫ್ ತಕರಾರು. ಕೋರ್‌ನ ತುಂಡು ಕ್ಯಾವಿಟಿಯ ಗೋಡೆಗೆ ಮುಚ್ಚುತ್ತದೆ, ಟೆಕ್ಸ್ಚರ್‌ಗೆ ಕೊಟ್ಟ ಎರಡೂವರೆ ಡಿಗ್ರಿಯೂ ಅಲ್ಲಿಗೆ ಸಾಲದು. ಹಾಗಾಗಿ ಕಚ್ಚಿನ ಸುತ್ತ ಗೋಡೆಯನ್ನು ಚಪ್ಪಟೆ ಮಾಡಿ 4 ಡಿಗ್ರಿಗೆ ಓರೆ ಮಾಡಿದೆವು. ಆ ಚೂರಿಗೆ ಟೆಕ್ಸ್ಚರ್ ಇಲ್ಲ, ನೋಡಿದವರು ಡಿಸೈನ್ ಅಂದುಕೊಂಡರು, ನಾವೂ ಸುಮ್ಮನಿದ್ದೆವು.

ಕೇಬಲ್ ವಿಷಯದಲ್ಲಿ ನನ್ನ ಮತ ಕೊಕ್ಕೆಯಷ್ಟು ಗಟ್ಟಿಯಿಲ್ಲ. ಎರಡು ಪಾರ್ಟ್ ಸೇರಿ ಆಗುವ ತೂತು ಯಾವತ್ತೂ ಪೂರ್ತಿ ದುಂಡಾಗಿರಲ್ಲ, ಸುತ್ತ ತೋಡು ಇರುವ ರಬ್ಬರ್ ಗ್ರೋಮೆಟ್ ಹಾಕಿದರೆ ಧೂಳಿಗೆ ಸಾಕು, ಗ್ಲ್ಯಾಂಡ್‌ಗೆ ಸಾಲದು. ಆದರೆ ಒಂದೇ ಮೋಲ್ಡ್‌ನಲ್ಲಿ ನಾಲ್ಕು ಕ್ಯಾವಿಟಿ ಬೇಕು ಅಂದಾಗ ಸ್ಲೈಡರ್ ಪ್ರತಿ ಪಾರ್ಟಿನ ಒಂದು ಬದಿಯನ್ನು ತಿಂದುಹಾಕುತ್ತದೆ, ಮೋಲ್ಡ್ ಬೇಸ್ ದೊಡ್ಡದಾಗಿ ದೊಡ್ಡ ಮಷಿನ್‌ಗೇ ಹೋಗಬೇಕಾಗಬಹುದು. ನಮ್ಮದು ಎರಡು ಕ್ಯಾವಿಟಿ, ಬೆನ್ನಿಗೆ ಬೆನ್ನಿಟ್ಟು ಸ್ಲೈಡರ್‌ಗಳನ್ನು ಹೊರಗಡೆಗೆ ತಿರುಗಿಸಿದ್ದರಿಂದ ನಡೆಯಿತು. ಮುಂದಿನ ಡಬ್ಬಿಗೆ ಗ್ಲ್ಯಾಂಡ್ ಬೇಕೇ ಬೇಕು ಅಂದಿದ್ದಾರೆ, ಅದಕ್ಕೆ ಸ್ಲೈಡರ್ ಇರಲಿ, ಕೊಕ್ಕೆಗೆ ಮಾತ್ರ ಕಿಂಡಿ ಅಂತ ಹೇಳಿ ಕೋಟೇಶನ್ ಕೇಳಿದ್ದೇನೆ.