ಒಣಗಿದಂತೆ ಕಾಣುವ ಗಣಪತಿ: ಚೌತಿಗೆ ಮಣ್ಣಿನ ಮೂರ್ತಿಯ ಆರ್ಡರ್ ಹಿಡಿಯುವ ಮೊದಲು

ಮನೆಯಲ್ಲೇ ಜೇಡಿಮಣ್ಣಿನ ಗಣಪತಿ ಮಾಡಿ ನಾಲ್ಕು ಮನೆಗೆ ಕೊಡೋಣ ಎಂದು ಯೋಚಿಸುತ್ತಿರುವವರು, ಅದರಲ್ಲೂ ನಮ್ಮ ಕಾಸರಗೋಡಿನಂತಹ ಮಳೆಯೂರಿನಲ್ಲಿ ಇರುವವರು, ಮುಂಗಡ ಹಣ ತೆಗೆದುಕೊಳ್ಳುವ ಮೊದಲು ಇದನ್ನು ಓದಬೇಕೆಂದು ಬರೆಯುತ್ತಿದ್ದೇನೆ. 2025ರ ಚೌತಿಗೆ ನಾನು ಹದಿನಾಲ್ಕು ಮೂರ್ತಿಗಳ ಆರ್ಡರ್ ಹಿಡಿದಿದ್ದೆ. ಅವುಗಳಲ್ಲಿ ದೋಷವಿಲ್ಲದೆ ಪೂಜೆಯ ಮಣೆ ಏರಿದ್ದು ನಾಲ್ಕು ಮಾತ್ರ. ಮಿಕ್ಕವು ಏಕೆ ಹಾಳಾದವು ಎಂಬುದು ನನಗೆ ಹಬ್ಬ ಕಳೆದು ಎರಡು ವಾರದ ಮೇಲೆ, ಅಡುಗೆಮನೆಯ ತಕ್ಕಡಿಯ ಮುಂದೆ ನಿಂತಾಗ ತಿಳಿಯಿತು.

ನಮ್ಮ ಮನೆ ಪೆರ್ಲದಿಂದ ಒಳಗೆ, ಅಡಿಕೆ ತೋಟದ ನಡುವೆ ಇದೆ. ಸುತ್ತ ಮುರಕಲ್ಲಿನ ನೆಲವೇ ಆದರೂ ಕೆಳಗಿನ ಗದ್ದೆಯಲ್ಲಿ ಒಳ್ಳೆಯ ಅಂಟಿನ ಜೇಡಿ ಸಿಗುತ್ತದೆ. 2024ರಲ್ಲಿ ಅದೇ ಮಣ್ಣಿನಿಂದ ನಮಗೊಂದು, ನೆರೆಮನೆಗೆ ಎರಡು ಎಂದು ಮೂರು ಸಣ್ಣ ಮೂರ್ತಿ ಮಾಡಿದ್ದೆ. ಗೇಣುದ್ದದವು, ಹಿಂದಿನಿಂದ ಒಳಗನ್ನು ಕೆರೆದು ಪೊಳ್ಳು ಮಾಡಿದವು. ಯಾವ ತೊಂದರೆಯೂ ಆಗಲಿಲ್ಲ. ಆ ವರ್ಷ ಚೌತಿ ಬಂದದ್ದು ಸೆಪ್ಟೆಂಬರ್ 7ರಂದು. ಆ ಮೂರರ ಧೈರ್ಯದಲ್ಲಿ ಮರುವರ್ಷ ಹದಿನಾಲ್ಕಕ್ಕೆ ಹೂಂ ಎಂದೆ. ಎಲ್ಲರಿಗೂ ಒಂದು ಅಡಿ ಎತ್ತರದ್ದೇ ಬೇಕಿತ್ತು. ಗಟ್ಟಿಯಾಗಿರಲಿ ಎಂದು ಒಳಗನ್ನು ಕೆರೆಯದೆ ಇಡೀ ಮಣ್ಣಿನಿಂದಲೇ ಮಾಡಿದೆ.

ಮೊದಲ ತಪ್ಪು ಪಂಚಾಂಗದ್ದು. 2025ರಲ್ಲಿ ಚೌತಿ ಆಗಸ್ಟ್ 27ಕ್ಕೇ ಇತ್ತು, ಅಂದರೆ ಹಿಂದಿನ ವರ್ಷಕ್ಕಿಂತ ಹನ್ನೊಂದು ದಿನ ಮುಂಚಿತ. ಚಾಂದ್ರಮಾನದ ವರ್ಷ ಸುಮಾರು 354 ದಿನಗಳದ್ದಾದ್ದರಿಂದ ಹಬ್ಬ ಹೀಗೆ ಹಿಂದೆ ಸರಿಯುತ್ತ ಹೋಗುತ್ತದೆ, ಅಧಿಕಮಾಸ ಬಂದ ವರ್ಷ ಒಮ್ಮೆಲೇ ಮುಂದಕ್ಕೆ ಜಿಗಿಯುತ್ತದೆ. ಇದು ಗೊತ್ತಿಲ್ಲದ ವಿಷಯವೇನಲ್ಲ; ಆದರೆ ಊರಲ್ಲಿ ಆ ಹನ್ನೊಂದು ದಿನದ ಅರ್ಥ ಬೇರೆ. ಸೆಪ್ಟೆಂಬರಿನ ಚೌತಿಗೆ ಮಣ್ಣು ಒಣಗುವುದು ಸೋಣದ ಬಿಸಿಲು-ಮಳೆಯಲ್ಲಿ. ಆಗಸ್ಟಿನ ಚೌತಿಗೆ ಒಣಗಬೇಕಾದದ್ದು ಆಟಿಯಲ್ಲಿ, ಕೊಡೆಯೂ ಒಣಗದ ದಿನಗಳಲ್ಲಿ. ನಾನು ಆಗಸ್ಟ್ 7ರಿಂದ 13ರವರೆಗೆ ದಿನಕ್ಕೆ ಎರಡರಂತೆ ಮಾಡಿ ಮುಗಿಸಿದೆ. ಹತ್ತು ದಿನದಲ್ಲಿ ಒಣಗುತ್ತದೆ ಎಂಬ ನನ್ನ ಲೆಕ್ಕ ಬೇಸಿಗೆಯಲ್ಲಿ ಮಾಡಿದ ಹಣತೆಗಳಿಂದ ಬಂದದ್ದು. ಹಣತೆಯ ಗೋಡೆ ಅರ್ಧ ಬೆರಳು ದಪ್ಪ. ಗಣಪತಿಯ ಹೊಟ್ಟೆ ಒಂದು ಗೇಣು.

ಜಗಲಿಯಲ್ಲಿಟ್ಟ ಮೂರ್ತಿಗಳು ನಾಲ್ಕು ದಿನವಾದರೂ ಬೆರಳಿಗೆ ತಣ್ಣಗೇ ಇದ್ದವು. ಸೋಣ ಸಂಕ್ರಮಣದ ದಿನ, ಆಗಸ್ಟ್ 17ರಂದು, ಗಾಬರಿಯಾಗಿ ಏಳು ಮೂರ್ತಿಗಳನ್ನು ಬಚ್ಚಲೊಲೆಯ ಮೇಲಿನ ಅಟ್ಟಕ್ಕೆ ಏರಿಸಿದೆ. ಅಡಿಕೆ, ಹಲಸಿನ ಹಪ್ಪಳ, ತೆಂಗಿನಕಾಯಿ ಎಲ್ಲ ಒಣಗುವ ಜಾಗ ಅದು. ಅತ್ತೆ ಕೆಳಗೆ ನಿಂತು, "ಅದು ಹಪ್ಪಳ ಅಲ್ಲ, ಹಾಗೆ ಬಿಸಿಗೆ ಇಡಬೇಡ" ಎಂದರು. ಕೇಳಲಿಲ್ಲ. ಮರುದಿನ ಬೆಳಿಗ್ಗೆ ಮೂರು ಮೂರ್ತಿಗಳ ಹೊಟ್ಟೆಯ ಅಡ್ಡಕ್ಕೆ ಕಡ್ಡಿ ತೂರುವಷ್ಟು ಬಿರುಕು ಬಿದ್ದಿತ್ತು.

ಮಣ್ಣು ಒಣಗುವಾಗ ಕುಗ್ಗುತ್ತದೆ. ನಮ್ಮ ಗದ್ದೆಯ ಜೇಡಿಯಲ್ಲಿ ಅಡಿ ಎತ್ತರದ ಮೂರ್ತಿ ಒಣಗಿದ ಮೇಲೆ ಮುಕ್ಕಾಲು ಇಂಚು ಕಡಿಮೆಯಾಗುತ್ತದೆ. ಹೊರಮೈ ಬಿಸಿಗೆ ಬೇಗ ಕುಗ್ಗಿ, ಒಳಗಿನ ಹಸಿ ಮಣ್ಣು ಕುಗ್ಗದೆ ನಿಂತರೆ, ಬಿಗಿಯಾದ ಅಂಗಿಯ ಗುಂಡಿ ಕಿತ್ತಂತೆ ಹೊರಮೈ ಬಿರಿಯುತ್ತದೆ. ಸೊಂಡಿಲಿಗೆ ಬಲವಿರಲೆಂದು ನಾನು ತೆಂಗಿನ ಗರಿಯ ಕಡ್ಡಿಯನ್ನೂ ಒಳಗಿಟ್ಟಿದ್ದೆ. ಕಡ್ಡಿ ಕುಗ್ಗುವುದಿಲ್ಲ, ಸುತ್ತಲಿನ ಮಣ್ಣು ಕುಗ್ಗುತ್ತದೆ. ಹಾಗಾಗಿ ಕಡ್ಡಿಯ ಉದ್ದಕ್ಕೂ ಕೂದಲಿನಂಥ ಗೆರೆ ಮೂಡಿತು. ಮೂರ್ತಿಯನ್ನು ನೇರವಾಗಿ ಹಲಗೆಯ ಮೇಲಿಟ್ಟದ್ದೂ ತಪ್ಪೇ. ಬುಡ ಹಲಗೆಗೆ ಅಂಟಿಕೊಂಡರೆ ಅದಕ್ಕೆ ಕುಗ್ಗಲು ಜಾಗವಿಲ್ಲ, ಪೀಠ ಸೀಳುತ್ತದೆ. ಹಲಗೆಯ ಮೇಲೆ ತೆಳ್ಳಗೆ ಮರಳು ಹರಡಿಯೋ ಹಳೆಯ ಪತ್ರಿಕೆ ಹಾಸಿಯೋ ಇಟ್ಟರೆ ಬುಡ ಜಾರಿಕೊಂಡು ಕುಗ್ಗುತ್ತದೆ.

ಬಿರುಕಿಗೆ ನಾನು ಮಾಡಿದ ಔಷಧ ರೋಗಕ್ಕಿಂತ ಕೆಟ್ಟದ್ದು. ತೆಳುವಾಗಿ ಕಲಸಿದ ಹಸಿಮಣ್ಣನ್ನು ಬಿರುಕಿಗೆ ತುಂಬಿ ಒರೆಸಿದೆ. ಒಂದು ರಾತ್ರಿ ಚೆನ್ನಾಗಿಯೇ ಕಂಡಿತು. ಆದರೆ ತುಂಬಿದ ಹಸಿಮಣ್ಣೂ ತನ್ನ ಪಾಲಿಗೆ ಕುಗ್ಗಿದ್ದರಿಂದ ಅದೇ ಜಾಗದಲ್ಲಿ ಮತ್ತೆ ಬಾಯಿ ಬಿಟ್ಟಿತು. ಒಣಗಿದ ಅದೇ ಮಣ್ಣಿನ ಪುಡಿಗೆ ನೆನೆಸಿ ಅರೆದ ಕಾಗದದ ಪಲ್ಪ್ ಸೇರಿಸಿ, ನೀರು ಆದಷ್ಟು ಕಡಿಮೆ ಹಾಕಿ ಒತ್ತಿ ತುಂಬಿದರೆ ಸಣ್ಣ ಬಿರುಕು ನಿಲ್ಲುತ್ತದೆ ಎಂದು ಆಮೇಲೆ ಕಲಿತೆ. ಬೆರಳು ಹೋಗುವ ಬಿರುಕಿಗೆ ಅದೂ ಸಾಲದು. ಆ ಮೂರು ಮನೆಯವರಿಗೆ ಆಗಸ್ಟ್ 19ರಂದು ಫೋನ್ ಮಾಡಿ ಮುಂಗಡ ಹಿಂದಿರುಗಿಸಿದೆ. ಅವರಿಗೆ ಬೇರೆ ಕಡೆಯಿಂದ ತರಿಸಿಕೊಳ್ಳಲು ವಾರದ ಸಮಯವಾದರೂ ಸಿಕ್ಕಿತು.

ಇನ್ನು ಬಣ್ಣ. 20ಕ್ಕೆ ಉಳಿದ ಮೂರ್ತಿಗಳು ಬಿಳಿಚಿಕೊಂಡು ಒಣಗಿದಂತೆಯೇ ಕಾಣುತ್ತಿದ್ದವು. ನೀರಿನಲ್ಲಿ ಕಲಸುವ ಬಣ್ಣವೆಂದು ಅಂಗಡಿಯಿಂದ ತಂದ ಅಕ್ರಿಲಿಕ್ ಬಳಿದೆ. ನೀರಿನಲ್ಲಿ ಕಲಸಿದರೂ ಒಣಗಿದ ಮೇಲೆ ಅದು ತೆಳ್ಳನೆಯ ಪ್ಲಾಸ್ಟಿಕ್ ಪೊರೆಯೇ. ಒಳಗಿನ ತೇವ ಹೊರಬರುವ ದಾರಿಯನ್ನು ನಾನೇ ಮುಚ್ಚಿದಂತಾಯಿತು. ನಾಲ್ಕು ದಿನದಲ್ಲಿ ಎರಡು ಮೂರ್ತಿಗಳ ಬೆನ್ನ ಮೇಲೆ ಬಣ್ಣ ಗುಳ್ಳೆಯೆದ್ದು ಸುಲಿಯಿತು. ಕಾವಿ, ಅರಸಿನ, ಗೋಂದು ಇಷ್ಟರಲ್ಲೇ ಮುಗಿಸಿದವರ ಮೂರ್ತಿಗೆ ಈ ಕಷ್ಟವಿಲ್ಲ, ಮುಳುಗಿಸಿದಾಗ ಬಾವಿಗೂ ಕೇಡಿಲ್ಲ. ಒಂದು ಮಾತು ಮಾತ್ರ: ಸುಣ್ಣ ಬಳಿದ ಮೈಗೆ ಅರಸಿನ ಹಚ್ಚಬೇಡಿ, ಹಳದಿ ಪೀತಾಂಬರ ಕಣ್ಣೆದುರೇ ಓಕುಳಿಯಾಗುತ್ತದೆ. ಒಬ್ಬರ ಬೇಡಿಕೆಯಂತೆ ಒಂದು ಮೂರ್ತಿಯ ಮಣ್ಣಿಗೆ ಬೀಜ ಸೇರಿಸಿದ್ದೆ, ವಿಸರ್ಜನೆಯ ಮೇಲೆ ಗಿಡ ಬರಲಿ ಎಂದು. ನಮ್ಮ ಮಳೆಗೆ ಆ ಬೀಜಗಳು ವಿಸರ್ಜನೆಗೆ ಕಾಯಲಿಲ್ಲ. 22ರಂದು ಗಣಪತಿಯ ಕಿವಿಯ ಹಿಂದೆ ಮೊಳಕೆ ಕಾಣಿಸಿತು. ಬಣ್ಣ ಸುಲಿದ ಎರಡನ್ನೂ ಮೊಳಕೆಯೊಡೆದ ಇದನ್ನೂ ಊರವರೇ ರಿಯಾಯಿತಿಯಲ್ಲಿ ಒಯ್ದರು. ಅದು ಅವರ ದೊಡ್ಡತನ.

ಉಳಿದವುಗಳಲ್ಲಿ ಆರು ವಿಟ್ಲ, ಪುತ್ತೂರಿನ ಕಡೆಯವು. ಆಗಸ್ಟ್ 25ರಂದು ಭಾವನ ವ್ಯಾನಿನಲ್ಲಿ ಅಡ್ಯನಡ್ಕದ ದಾರಿಯಾಗಿ ಹೊರಟೆವು. ಪ್ರತಿಯೊಂದನ್ನೂ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಸೊಂಡಿಲು, ಕೈ, ಕಿವಿಗಳ ಸುತ್ತ ಪತ್ರಿಕೆಯ ಉಂಡೆಗಳನ್ನು ಗಿಡಿದು ತುಂಬಿದ್ದೆ, ಅಲುಗಾಡಬಾರದೆಂದು. ಇದೇ ಮೋಸ ಮಾಡಿತು. ಹೊಂಡಕ್ಕೆ ಇಳಿದಾಗಲೆಲ್ಲ ಒಳಗೆ ಇನ್ನೂ ತೇವವಿದ್ದ ಭಾರದ ಒಡಲು ಜಗ್ಗುತ್ತದೆ, ಕಾಗದ ಬಿಗಿದು ಹಿಡಿದ ಸೊಂಡಿಲು ಅಲ್ಲೇ ನಿಲ್ಲುತ್ತದೆ. ಮುರಿಯುವುದು ನಡುವಿನ ಬೆಸುಗೆಯಲ್ಲಿ. ವಿಟ್ಲದಲ್ಲಿ ಪೆಟ್ಟಿಗೆ ತೆರೆದಾಗ ಒಂದಕ್ಕೆ ಸೊಂಡಿಲಿರಲಿಲ್ಲ. ಪುತ್ತೂರಿನಲ್ಲಿ ಇನ್ನೆರಡಕ್ಕೆ ಮೋದಕದ ಕೈ ಮಣಿಕಟ್ಟಿನಲ್ಲಿ ಕಳಚಿತ್ತು, ಕಡ್ಡಿ ಮಾತ್ರ ಹೊರಗೆ ಚಾಚಿತ್ತು. ಭಿನ್ನವಾದ ಮೂರ್ತಿಯನ್ನು ಅಂಟಿಸಿ ಕೊಡುವ ಮಾತೇ ಇಲ್ಲ. ಯಾರೂ ಪೂಜೆಗೆ ಕೂರಿಸುವುದಿಲ್ಲ, ಕೂರಿಸಿ ಎನ್ನಲು ನನಗೂ ಬಾಯಿ ಬರಲಿಲ್ಲ. ಹಬ್ಬಕ್ಕೆ ಒಂದೇ ದಿನ ಉಳಿದಿತ್ತು. ಒಬ್ಬರು ಪೇಟೆಯಲ್ಲಿ ಸಿಕ್ಕಿದ್ದನ್ನು ತಂದರು. ಇನ್ನಿಬ್ಬರ ಮನೆಯಲ್ಲಿ ಅಕ್ಕಿಯ ಮೇಲೆ ಅಡಿಕೆಯಿಟ್ಟು ಗಣಪತಿಯೆಂದು ಪೂಜಿಸಿದರು. ಬೈಯಲಿಲ್ಲ ಯಾರೂ, ಬೈದಿದ್ದರೆ ಹಗುರವಾಗುತ್ತಿತ್ತು.

ಮೂರ್ತಿಯನ್ನು ಹಿಡಿಯಬೇಕಾದದ್ದು ಪೀಠದಲ್ಲಿ. ಪೆಟ್ಟಿಗೆಯ ತಳದಲ್ಲಿ ಉಮಿ ಅಥವಾ ಮರದ ಹೊಟ್ಟನ್ನು ನಾಲ್ಕು ಬೆರಳು ಹಾಕಿ, ಬೈಹುಲ್ಲಿನ ಸಿಂಬೆಯೊಳಗೆ ಪೀಠವನ್ನು ಕೂರಿಸಿ, ಸೊಂಟದವರೆಗೆ ಹೊಟ್ಟು ತುಂಬಬೇಕು. ಅಲ್ಲಿಂದ ಮೇಲೆ ಏನೂ ತಾಗಬಾರದು. ಪೆಟ್ಟಿಗೆಯ ಬದಿಗೂ ಸೊಂಡಿಲಿಗೂ ನಡುವೆ ಕೈ ಆಡುವಷ್ಟು ಗಾಳಿ ಇರಬೇಕು.

ಹದಿನಾಲ್ಕನೆಯ ಮೂರ್ತಿಯ ಕಥೆ ಬೇರೆ. ಆ ಮನೆಗೆ ಸೂತಕ ಬಂದದ್ದರಿಂದ ಬೇಡವೆಂದರು. ಬಣ್ಣವಿಲ್ಲದೆ ನಮ್ಮ ಕಪಾಟಿನ ಮೇಲೆಯೇ ಉಳಿಯಿತು. ಪ್ರತಿ ಮೂರ್ತಿಗೂ ನಾನು ಹದ ಮಾಡಿದ ಮಣ್ಣನ್ನು ಐದು ಕಿಲೋ ತೂಗಿಯೇ ತೆಗೆದುಕೊಂಡಿದ್ದೆ. ಸಾಗಿಸುವ ಹಿಂದಿನ ದಿನ, ಆಗಸ್ಟ್ 24ರಂದು, ಪೆಟ್ಟಿಗೆ ತಾಳುತ್ತದೆಯೇ ಎಂದು ನೋಡಲು ಇದನ್ನು ತೂಗಿದಾಗ 4 ಕಿಲೋ 400 ಗ್ರಾಂ ಇತ್ತು. ಹಬ್ಬ ಮುಗಿದ ಮೇಲೆ ಸುಮ್ಮನೆ ಕುತೂಹಲಕ್ಕೆ ತೂಗುತ್ತ ಹೋದೆ. ತೂಕ ಇಳಿಯುತ್ತಲೇ ಇತ್ತು. ಸೆಪ್ಟೆಂಬರ್ 12ರ ಹೊತ್ತಿಗೆ 3 ಕಿಲೋ 900 ಗ್ರಾಮಿಗೆ ಬಂದು ನಿಂತಿತು, ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಅಂದರೆ ಆ ಐದು ಕಿಲೋದಲ್ಲಿ ಹೋಗಬೇಕಾದ ನೀರು ಒಂದು ಕಿಲೋ ನೂರು ಗ್ರಾಂ. ನಾವು ವ್ಯಾನಿಗೆ ಏರಿಸುವಾಗ ಹೋಗಿದ್ದದ್ದು ಆರುನೂರು ಗ್ರಾಂ ಮಾತ್ರ. ಹತ್ತಿರಹತ್ತಿರ ಅರ್ಧ ನೀರನ್ನು ಹೊಟ್ಟೆಯಲ್ಲಿಟ್ಟುಕೊಂಡ ಗಣಪತಿಗಳಿಗೆ ನಾನು ಬಣ್ಣ ಬಳಿದು, ಹೊಂಡದ ದಾರಿಯಲ್ಲಿ ಕಳಿಸಿದ್ದೆ.

ಒಣಗಿದೆಯೋ ಎಂದು ತಿಳಿಯಲು ಕಣ್ಣನ್ನು ನಂಬಬೇಡಿ. ಬಣ್ಣ ಬಿಳಿಚುವುದು ಹೊರಮೈಯ ಸುದ್ದಿ ಮಾತ್ರ. ಪೀಠದ ಅಡಿಯನ್ನು ಕೆನ್ನೆಗೆ ತಾಗಿಸಿದಾಗ ತಣ್ಣಗಿದ್ದರೆ ನೀರು ಇನ್ನೂ ಆರುತ್ತಿದೆ ಎಂದರ್ಥ. ಅದಕ್ಕಿಂತ ಖಚಿತವಾದದ್ದು ತಕ್ಕಡಿ: ಮೂರು ದಿನ ಒಂದೇ ತೂಕ ಬಂದ ಮೇಲೆಯೇ ಬಣ್ಣ. ಒಳಗನ್ನು ಕೆರೆದು ಎರಡು ಬೆರಳು ದಪ್ಪ ಉಳಿಸಿದ ಮೂರ್ತಿ ಇದಕ್ಕಿಂತ ಬಹಳ ಬೇಗ ಆ ಹಂತಕ್ಕೆ ಬರುತ್ತದೆ. ಮೊದಲ ವಾರ ಒದ್ದೆ ಬಟ್ಟೆ ಸಡಿಲವಾಗಿ ಹೊದೆಸಿ, ಆಮೇಲೆ ನೆರಳಿನಲ್ಲಿ ಗಾಳಿಗೆ ಬಿಟ್ಟು, ದಿನಕ್ಕೊಮ್ಮೆ ತಿರುಗಿಸಿಡಬೇಕು. ಫ್ಯಾನನ್ನು ಒಂದೇ ಬದಿಗೆ ಬಿಟ್ಟರೆ ಮೂರ್ತಿ ಆ ಬದಿಗೆ ವಾಲುತ್ತದೆ.

ಹಣತೆಯಲ್ಲೂ ಇದೇ ನೀರಿನ ಕಾಟ, ಆದರೆ ಅದು ಬೇಗ ಗೊತ್ತಾಗುತ್ತದೆ. ದೀಪಾವಳಿಗೆಂದು ಮಾಡಿದ ಹಣತೆಗಳನ್ನು ತುಲಾಮಾಸದ ಸಂಜೆ ಮಳೆಯ ನಡುವೆ ಅರೆಬರೆ ಒಣಗಿಸಿ, ಗೆರಟೆಯ ಬೆಂಕಿಗೆ ಒಮ್ಮೆಲೇ ಇಟ್ಟೆ. ಒಳಗಿನ ನೀರು ಆವಿಯಾಗಿ ಪಟಪಟನೆ ಸಿಡಿದು ಅರ್ಧಕ್ಕರ್ಧ ಚೂರಾದವು. ಮಿಕ್ಕವನ್ನು ಒಲೆಯ ಬದಿಯಲ್ಲಿ ಎರಡು ದಿನ ಬೆಚ್ಚಗಿಟ್ಟು ಆಮೇಲೆ ಸುಟ್ಟೆ, ಒಂದೂ ಒಡೆಯಲಿಲ್ಲ. ಮನೆಯ ಬೆಂಕಿಯಲ್ಲಿ ಸುಟ್ಟ ಹಣತೆ ಎಣ್ಣೆ ಕುಡಿಯುತ್ತದೆ ಎಂಬುದನ್ನು ಕೊಳ್ಳುವವರಿಗೆ ಮೊದಲೇ ಹೇಳಿಬಿಡಿ, ಹಚ್ಚುವ ಮೊದಲು ಒಂದೆರಡು ಗಂಟೆ ನೀರಿನಲ್ಲಿ ನೆನೆಸಿ ಒರೆಸಿಕೊಳ್ಳಲಿ.

2026ರಲ್ಲಿ ಅಧಿಕಮಾಸವಿರುವುದರಿಂದ ಚೌತಿ ಸೆಪ್ಟೆಂಬರ್ 14ಕ್ಕೆ ಬರುತ್ತದೆ. ನಾನು ಆರು ಮೂರ್ತಿಗಳನ್ನಷ್ಟೇ ಹಿಡಿದಿದ್ದೇನೆ, ಎಲ್ಲವೂ ಪೊಳ್ಳು, ಮುಕ್ಕಾಲು ಅಡಿಯವು. ಆರ್ಡರ್ ಜುಲೈ 15ಕ್ಕೆ ಮುಗಿಯುತ್ತದೆ, ಮಣ್ಣಿನ ಕೆಲಸ ಆಗಸ್ಟ್ 5ಕ್ಕೆ. ಏಳನೆಯದೊಂದನ್ನು ಯಾರಾದರೂ ಕೇಳಿದರೆ ಕಪಾಟಿನ ಮೇಲಿನ ಆ ಮೂರ್ತಿಯನ್ನು ತೋರಿಸುತ್ತೇನೆ; ಅದರ ಪೀಠದ ಅಡಿಯಲ್ಲಿ ಪೆನ್ಸಿಲಿನಲ್ಲಿ ಬರೆದ ತೂಕಗಳೂ ದಿನಾಂಕಗಳೂ ಹಾಗೆಯೇ ಇವೆ.