ಐದು ಲೀಟರ್ ಸ್ಟೀಲ್ ಕುಕ್ಕರ್, ತೂತಿನ ತಟ್ಟೆ, ಎರಡು ಡಬ್ಬಿ: ತರಕಾರಿಗೆ ಎಷ್ಟು ಒಳ್ಳೆಯದು? (ದೀರ್ಘ ಬಳಕೆಯ ವಿಮರ್ಶೆ)

ರೇಟಿಂಗ್: 5ಕ್ಕೆ 4. ಕಳೆದ ಒಂದು ಅಂಕ ಕುಕ್ಕರಿನದಲ್ಲ, ಅದರ ಜೊತೆ ಬರುವ ಪುಸ್ತಿಕೆಯದು. "ತರಕಾರಿ: 2 ವಿಷಲ್" ಎಂದು ಒಂದೇ ಸಾಲಿನಲ್ಲಿ ಮುಗಿಸಿರುವ ಆ ಸಲಹೆಯನ್ನು ಪಾಲಿಸಿದರೆ ಬೀನ್ಸ್ ಹಿಚುಕಿದ ಬೂದುಹಸಿರು ಮುದ್ದೆಯಾಗುತ್ತದೆ, ಹೂಕೋಸು ಗಂಜಿಯಾಗುತ್ತದೆ.

ಇದು ಹೊರಮುಚ್ಚಳದ, ದಪ್ಪ ತಳದ ಸಾಮಾನ್ಯ ಸ್ಟೀಲ್ ಕುಕ್ಕರ್. ಅನ್ನ, ಬೇಳೆಯ ವಿಚಾರದಲ್ಲಿ ಹೇಳುವಂಥದ್ದೇನಿಲ್ಲ, ಎಲ್ಲ ಕುಕ್ಕರುಗಳಂತೆಯೇ. ವರ್ಷಗಟ್ಟಲೆ ದಿನವೂ ತರಕಾರಿಗೆ ಬಳಸಿದ ಮೇಲೆ ಗಟ್ಟಿಯಾಗಿ ಹೇಳಬಹುದಾದದ್ದು ಒಂದು: "ಕುಕ್ಕರಿನಲ್ಲಿಟ್ಟರೆ ವಿಟಮಿನ್ನೆಲ್ಲ ಸುಟ್ಟುಹೋಗುತ್ತದೆ" ಎನ್ನುವುದು ಅರ್ಧ ಸತ್ಯ. ತರಕಾರಿಯ ವಿಟಮಿನ್ ಹೆಚ್ಚಾಗಿ ಹೋಗುವುದು ನೀರಿನ ಜೊತೆ, ಸಿಂಕಿನೊಳಗೆ.

ಎಲ್ಲ ವಿಟಮಿನ್ನೂ ಒಂದೇ ರೀತಿ ಹಾಳಾಗುವುದಿಲ್ಲ. ಸಿ ಮತ್ತು ಫೋಲೇಟ್ ಎರಡೂ ನೀರಿನಲ್ಲಿ ಕರಗುತ್ತವೆ, ಬಿಸಿಗೂ ಕೆಡುತ್ತವೆ. ಬಿ ಗುಂಪಿನ ಉಳಿದವು ನೀರಿಗೆ ಬಿಡುತ್ತವೆ, ಬಿ1 ಬಿಟ್ಟರೆ ಹೆಚ್ಚಿನವು ಬಿಸಿಗೆ ಒಂದಿಷ್ಟು ತಡೆಯುತ್ತವೆ. ಕ್ಯಾರೆಟ್, ಸಿಹಿಕುಂಬಳ, ಸೊಪ್ಪುಗಳಲ್ಲಿರುವ ಬೀಟಾ ಕ್ಯಾರೊಟಿನ್ (ದೇಹ ಇದನ್ನೇ ವಿಟಮಿನ್ ಎ ಮಾಡಿಕೊಳ್ಳುತ್ತದೆ) ಎಣ್ಣೆಯಲ್ಲಿ ಕರಗುವಂಥದ್ದು. ನೀರಿಗೆ ಅದರ ಗೊಡವೆಯಿಲ್ಲ. ಇದನ್ನು ಕಣ್ಣಾರೆ ನೋಡಬೇಕೆಂದರೆ ತೂತಿನ ತಟ್ಟೆಯ ಮೇಲೆ ಒಂದು ದಿನ ಹೆಚ್ಚಿದ ಬೀಟ್‌ರೂಟ್, ಇನ್ನೊಂದು ದಿನ ಹೆಚ್ಚಿದ ಕ್ಯಾರೆಟ್ ಇಟ್ಟು ಬೇಯಿಸಿ. ಬೀಟ್‌ರೂಟ್ ಬೆಂದಾಗ ಕೆಳಗಿನ ನೀರು ಕೆಂಪಾಗಿರುತ್ತದೆ. ಕ್ಯಾರೆಟ್ ಬೆಂದಾಗ ನೀರು ಹೆಚ್ಚುಕಡಿಮೆ ತಿಳಿಯಾಗಿಯೇ ಇರುತ್ತದೆ. ಬೀಟ್‌ರೂಟಿನ ಬಣ್ಣದ ಹಾದಿಯಲ್ಲೇ ಅದರ ಫೋಲೇಟೂ ಇಳಿದಿರುತ್ತದೆ. ಅದೇ ಬೀಟ್‌ರೂಟನ್ನು ಸಿಪ್ಪೆ ಸಮೇತ, ಬಾಲ ಕತ್ತರಿಸದೆ, ಮೇಲಿನ ತೊಟ್ಟು ಒಂದಿಂಚು ಬಿಟ್ಟು ಇಡಿಯಾಗಿ ಇಟ್ಟರೆ ನೀರಿಗೆ ಬಣ್ಣ ಬಹಳ ಕಡಿಮೆ ಇಳಿಯುತ್ತದೆ. ಬೆಂದ ಮೇಲೆ ಸಿಪ್ಪೆ ಕೈಯಲ್ಲೇ ಜಾರುತ್ತದೆ.

ಈಗ ಮೂರು ವಿಧಾನಗಳ ಲೆಕ್ಕ. ತೆರೆದ ಪಾತ್ರೆಯಲ್ಲಿ ನೀರು ಕುದಿಯುವುದು ಸಮುದ್ರಮಟ್ಟದ ಮಂಗಳೂರಿನಲ್ಲಿ 100 ಡಿಗ್ರಿಗೆ, ಬೆಂಗಳೂರಿನ ಎತ್ತರದಲ್ಲಿ ಸುಮಾರು 97ಕ್ಕೆ. ವೆಯ್ಟ್ ಹಾಕಿದ ಕುಕ್ಕರಿನೊಳಗೆ ಅದು 120ರ ಆಸುಪಾಸು. ಬಿಸಿ ಹೆಚ್ಚು, ನಿಜ. ಆದರೆ ಬೇಯುವ ಹೊತ್ತು ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಜೊತೆಗೆ ಆವಿ ಒಳಗಿನ ಗಾಳಿಯನ್ನು ಹೊರದಬ್ಬಿರುವುದರಿಂದ ವಿಟಮಿನ್ ಸಿಯ ದೊಡ್ಡ ವೈರಿಯಾದ ಆಮ್ಲಜನಕ ಅಲ್ಲಿ ಇರುವುದಿಲ್ಲ. ಅತ್ತ, ಹೆಚ್ಚಿದ ತರಕಾರಿಯನ್ನು ಧಾರಾಳ ನೀರಿನಲ್ಲಿ ಕುದಿಸಿ ಬಸಿದು ಚೆಲ್ಲಿದರೆ ಸಿ ಅರ್ಧದಷ್ಟು ಹೋಗುವುದು ಸಾಮಾನ್ಯ. ಸೊಪ್ಪಿನಲ್ಲಿ ಇನ್ನೂ ಹೆಚ್ಚು, ಏಕೆಂದರೆ ಎಲೆ ತೆಳು, ನೀರು ತಾಗುವ ಮೈ ಜಾಸ್ತಿ. ಆವಿಯಲ್ಲಿ ಬೇಯಿಸಿದಾಗ ನಷ್ಟ ಇದಕ್ಕಿಂತ ಬಹಳ ಕಡಿಮೆ. ಕುಕ್ಕರ್ ಇವೆರಡರ ನಡುವೆ ಎಲ್ಲಿ ನಿಲ್ಲುತ್ತದೆ ಎನ್ನುವುದು ಬಳಸುವವರ ಕೈಯಲ್ಲಿದೆ.

ಈ ಸೆಟ್ಟಿನಲ್ಲಿ ನಮಗೆ ಮೆಚ್ಚುಗೆಯಾದದ್ದು ತೂತಿನ ತಟ್ಟೆಗಿಂತ ಡಬ್ಬಿ. ತೂತಿನ ತಟ್ಟೆಯ ಮೇಲಿಟ್ಟಾಗ ಆವಿ ತರಕಾರಿಗೆ ತಾಗಿ ನೀರಾಗಿ ಕೆಳಗೆ ತೊಟ್ಟಿಕ್ಕುತ್ತದೆ, ಕರಗಿದ್ದನ್ನು ಹೊತ್ತುಕೊಂಡು ಹೋಗುತ್ತದೆ. ಡಬ್ಬಿಯಲ್ಲಿ ಆ ಹನಿ ಅಲ್ಲೇ ತಳದಲ್ಲಿ ನಿಲ್ಲುತ್ತದೆ, ಹಾಗೇ ಪಲ್ಯಕ್ಕೋ ಹುಳಿಗೋ ಹೋಗುತ್ತದೆ. ಡಬ್ಬಿಯೊಳಗೆ ನೀರು ಹಾಕುವ ಅಗತ್ಯವೇ ಇಲ್ಲ. ಕಾಲು ಕೆ.ಜಿ. ಬೀನ್ಸ್ ತೊಳೆದು ಹೆಚ್ಚಿ, ಹಾಗೇ ತುಂಬಿ. ಕುಕ್ಕರಿನ ತಳಕ್ಕೆ ಒಂದೂವರೆ ಲೋಟ, ಅಂದರೆ ಸುಮಾರು 300 ಮಿ.ಲೀ. ನೀರು ಸಾಕು. ಡಬ್ಬಿಗೆ ಬಿಸಿ ತುಸು ನಿಧಾನ ಏರುವುದರಿಂದ ತಟ್ಟೆಗಿಂತ ಒಂದೆರಡು ನಿಮಿಷ ಹೆಚ್ಚು ಬೇಕು, ಅಷ್ಟೇ.

ಇನ್ನು ಕೂಗಿನ ಲೆಕ್ಕ. ಕೂಗು ಅಳತೆಯಲ್ಲ. ಉರಿ ದೊಡ್ಡದಿದ್ದರೆ ಐದು ನಿಮಿಷದಲ್ಲಿ ಮೂರು ಕೂಗು, ಸಿಮ್‌ನಲ್ಲಿದ್ದರೆ ಹದಿನೈದು ನಿಮಿಷಕ್ಕೆ ಒಂದು. ತರಕಾರಿ ಹಾಳಾಗುವುದು ಬಹುಪಾಲು ಕೂಗಿಗೆ ಮುಂಚೆ ಮತ್ತು ಕೂಗಿನ ನಂತರ. ತಣ್ಣೀರಿನೊಂದಿಗೆ ಮುಚ್ಚಿಟ್ಟರೆ ಮೊದಲ ಕೂಗು ಬರುವ ಹೊತ್ತಿಗೆ ತರಕಾರಿ ಆಗಲೇ ಅರೆಬೆಂದಿರುತ್ತದೆ. ಹೆಚ್ಚಿದಾಗ ಹೊರಬಂದ ಕಿಣ್ವವೊಂದು ಸಿ ವಿಟಮಿನ್ನನ್ನು ಮುರಿಯುತ್ತಿರುತ್ತದೆ. ಅದು ಸಾಯುವುದು ಜೋರು ಬಿಸಿಗೆ, ನಿಧಾನವಾಗಿ ಕಾಯುವ ನೀರಿನಲ್ಲಿ ಅದಕ್ಕೆ ಹಬ್ಬ. ಹಾಗೆಯೇ ಒಲೆ ಆರಿಸಿ "ಪ್ರೆಷರ್ ತಾನಾಗಿ ಇಳಿಯಲಿ" ಎಂದು ಬಿಟ್ಟರೆ ಎಂಟು ಹತ್ತು ನಿಮಿಷ ಒಳಗೆ 100 ಡಿಗ್ರಿಗಿಂತ ಹೆಚ್ಚೇ ಇರುತ್ತದೆ. ಬೇಳೆಗೆ ಅದು ಒಳ್ಳೆಯದು, ಬೀನ್ಸಿಗೆ ಅನ್ಯಾಯ.

ಆದ್ದರಿಂದ ಮೆತ್ತಗಿನ ತರಕಾರಿಗೆ ಹೀಗೆ ಮಾಡಿ: ತಳದ ನೀರನ್ನು ಮುಚ್ಚಳವಿಲ್ಲದೆ ಮೊದಲು ಕುದಿಸಿ, ಆಮೇಲೆ ಡಬ್ಬಿ ಇಳಿಸಿ, ಮುಚ್ಚಳ ಹಾಕಿ, ಮೂಗಿನಿಂದ ಆವಿ ಒಂದೇ ಸಮನೆ ಬರತೊಡಗಿದ ಮೇಲೆ ವೆಯ್ಟ್ ಇಡಿ. ಮೊದಲ ಕೂಗು ಬಂದ ಕೂಡಲೇ ಒಲೆ ಆರಿಸಿ. ಕುಕ್ಕರನ್ನು ಸಿಂಕಿಗೆ ಒಯ್ದು ಮುಚ್ಚಳದ ಅಂಚಿನ ಮೇಲೆ ತಣ್ಣೀರು ಬಿಡಿ. ವೆಯ್ಟ್ ಮೇಲೂ ಸೇಫ್ಟಿ ವಾಲ್ವ್ ಮೇಲೂ ಬಿಡಬೇಡಿ. ಅರ್ಧ ನಿಮಿಷದಲ್ಲಿ ಪ್ರೆಷರ್ ಇಳಿಯುತ್ತದೆ. ವೆಯ್ಟ್ ಮೆಲ್ಲಗೆ ಎತ್ತಿ ನೋಡಿ, ಸುಯ್ ಎನ್ನದಿದ್ದರೆ ಮಾತ್ರ ತೆರೆಯಿರಿ. ಬೇಳೆ ಇದ್ದಾಗ ಈ ಉಪಾಯ ಬೇಡ, ನೊರೆ ಉಕ್ಕಿ ಮೂಗು ಕಟ್ಟುತ್ತದೆ. ಇಡಿ ಆಲೂಗಡ್ಡೆ, ಬೀಟ್‌ರೂಟಿಗೆ ಕೂಗು ಬಂದ ಮೇಲೆ ಸಿಮ್‌ನಲ್ಲಿ ಹತ್ತರಿಂದ ಹದಿನೈದು ನಿಮಿಷ ಇಟ್ಟು, ತಾನಾಗಿ ಇಳಿಯಲು ಬಿಡಬಹುದು. ಅವುಗಳ ಸಿಪ್ಪೆಯೇ ಕಾವಲು.

ಹೂಕೋಸು, ಬ್ರಾಕಲಿ, ಎಳೆ ಬೀನ್ಸ್, ನುಗ್ಗೇಕಾಯಿಗೆ ವೆಯ್ಟನ್ನೇ ಹಾಕಬೇಡಿ. ಅದೇ ಕುಕ್ಕರು ವೆಯ್ಟ್ ಇಲ್ಲದೆ ಒಳ್ಳೆಯ ಆವಿಪಾತ್ರೆ. ಆವಿ ಬರಲು ಶುರುವಾದ ಮೇಲೆ ಹೂಕೋಸಿಗೆ ಐದಾರು ನಿಮಿಷ, ಒಂದಿಂಚಿನ ಬೀನ್ಸಿಗೆ ಏಳೆಂಟು, ಬ್ರಾಕಲಿಗೆ ನಾಲ್ಕು. ಚಾಕುವಿನ ತುದಿ ಸ್ವಲ್ಪ ತಡೆದು ಒಳಹೋಗುವಂತಿದ್ದರೆ ಹದ. ಬೀನ್ಸ್ ಹಸಿರು ಮಾಸಿ ಕಂದುಹಸಿರಿಗೆ ತಿರುಗಿದರೆ ಹೆಚ್ಚು ಬೆಂದಿದೆ ಎಂದೇ ಅರ್ಥ. ಹಸಿರು ಉಳಿಯಲೆಂದು ಚಿಟಿಕೆ ಸೋಡಾ ಹಾಕುವ ಅಭ್ಯಾಸ ಹೋಟೆಲುಗಳಲ್ಲೂ ಮನೆಗಳಲ್ಲೂ ಇದೆ. ಬಣ್ಣವೇನೋ ಉಳಿಯುತ್ತದೆ, ಆದರೆ ಕ್ಷಾರದಲ್ಲಿ ಸಿಯೂ ಬಿ1 ಕೂಡ ಬೇಗ ಕೆಡುತ್ತವೆ. ನೋಡಲು ಚೆಂದ, ತಿನ್ನಲು ನಷ್ಟ.

ಹುಣಸೆಹಣ್ಣಿನದು ಬೇರೆ ಕಥೆ. ಹುಳಿಯಲ್ಲಿ ಸಿ ಚೆನ್ನಾಗಿಯೇ ಉಳಿಯುತ್ತದೆ, ಆದರೆ ಹುಳಿ ನೀರಿನಲ್ಲಿ ತರಕಾರಿ ಮೆತ್ತಗಾಗಲು ಹಠ ಹಿಡಿಯುತ್ತದೆ, ಬೇಯುವ ಹೊತ್ತು ಎಳೆಯುತ್ತದೆ. ತರಕಾರಿ ಬೆಂದ ಮೇಲೆ ಹುಣಸೆರಸ ಹಾಕುವ ನಮ್ಮ ಹಳೆಯ ಕ್ರಮವೇ ಸರಿ.

ಸೊಪ್ಪಿನ ವಿಷಯಕ್ಕೆ ಬಂದರೆ, ನೀರಿಗೆ ಬಿಟ್ಟದ್ದನ್ನು ಕಳೆದುಕೊಳ್ಳದ ಅಡುಗೆ ಈ ನಾಡಿನಲ್ಲೇ ಇದೆ, ಬಸ್ಸಾರು. ಬಸಿದ ಕಟ್ಟು ಸಾರಾಗುತ್ತದೆ, ಉಳಿದದ್ದು ಪಲ್ಯವಾಗುತ್ತದೆ, ಕರಗಿದ್ದೆಲ್ಲ ತಟ್ಟೆಗೇ ಬರುತ್ತದೆ. ತೊಡಕು ಒಂದೇ: ಬೇಳೆ, ಸೊಪ್ಪು ಎರಡನ್ನೂ ಒಟ್ಟಿಗೆ ಹಾಕಿ ಮೂರು ಕೂಗು ಕೂಗಿಸುವುದು. ಬೇಳೆಗೆ ಬೇಕಾದ ಹೊತ್ತು ಸೊಪ್ಪಿಗೂ ಬೀಳುತ್ತದೆ. ಹೀಗೆ ಬಿಡಿಸಿಕೊಳ್ಳಿ. ಒಂದು ಲೋಟ ತೊಗರಿಬೇಳೆಗೆ ಐದು ಲೋಟ ನೀರು, ಒಂದು ಚಮಚ ಎಣ್ಣೆ ಹಾಕಿ ಎರಡು ಕೂಗು, ಕಾಳು ಒಡೆಯದಂತೆ. ಅರ್ಧ ಕೆ.ಜಿ. ದಂಟಿನ ಸೊಪ್ಪನ್ನು ಇಡಿಯಾಗಿರುವಾಗಲೇ ಮೂರು ನೀರಿನಲ್ಲಿ ತೊಳೆದು ಆಮೇಲೆ ಹೆಚ್ಚಿ. ಹೆಚ್ಚಿ ತೊಳೆದರೆ ಬೇಯಿಸುವ ಮುಂಚೆಯೇ ಸೋರಿಕೆ ಶುರು. ಕುಕ್ಕರ್ ತೆರೆದ ಮೇಲೆ ಮತ್ತೆ ಉರಿ ಹಚ್ಚಿ, ಕಟ್ಟು ಕುದಿಯುವಾಗ ಮೊದಲು ದಂಟು, ಮೂರು ನಿಮಿಷದ ನಂತರ ಎಲೆ. ಇನ್ನು ಮೂರು ನಾಲ್ಕು ನಿಮಿಷ ಬೆಂದರೆ ಬಸಿಯಬಹುದು. ಕಟ್ಟಿಗೆ ರುಬ್ಬಿದ ಖಾರ, ಹುಣಸೆರಸ ಬೆರೆಸಿ ಒಂದು ಕುದಿ ಸಾಕು. ಅರ್ಧ ಗಂಟೆ ಕುದಿಸಿದರೆ ಕಟ್ಟಿನಲ್ಲಿದ್ದ ಸಿ ಉಳಿಯದು. ಪಲ್ಯಕ್ಕೆ ಎಣ್ಣೆಯ ಒಗ್ಗರಣೆ, ಕಾಯಿತುರಿ ಹಾಕುವುದರಿಂದ ಸೊಪ್ಪಿನ ಕ್ಯಾರೊಟಿನ್ ಮೈಗೆ ಹತ್ತಲು ಅನುಕೂಲ. ಇಳಿಸಿದ ಮೇಲೆ ಅರ್ಧ ಹೋಳು ನಿಂಬೆ ಹಿಂಡಿದರೆ ಹೋದ ಸಿಗೆ ಒಂದಿಷ್ಟು ಭರ್ತಿ.

ನೀರು ಚೆಲ್ಲಲೇಬೇಕಾದ ಸಂದರ್ಭವೂ ಇದೆ. ಕಿಡ್ನಿ ಕಲ್ಲಿನ ತೊಂದರೆಗೆ ಆಕ್ಸಲೇಟ್ ಕಡಿಮೆ ಮಾಡಿ ಎಂದು ವೈದ್ಯರು ಹೇಳಿದ್ದರೆ, ಪಾಲಕ್ ಸೊಪ್ಪನ್ನು ಧಾರಾಳ ನೀರಿನಲ್ಲಿ ಕುದಿಸಿ ಬಸಿದು ಚೆಲ್ಲುವುದೇ ಸರಿ. ಅದರ ಜೊತೆ ಫೋಲೇಟೂ ಹೋಗುತ್ತದೆ, ಹೋಗಲಿ. ಅಲ್ಲಿ ಆವಿಯ ವಿಧಾನ ಉಪಯೋಗಕ್ಕೆ ಬರುವುದಿಲ್ಲ, ಆಕ್ಸಲೇಟು ಎಲೆಯಲ್ಲೇ ಹೆಚ್ಚು ಉಳಿದುಬಿಡುತ್ತದೆ.

ಬಾಳಿಕೆಯ ವಿಚಾರ. ಸ್ಟೀಲಿಗೆ ಹುಳಿ ತಾಗಿದರೂ ಏನೂ ಆಗಿಲ್ಲ. ಕಲಾಯಿ ಹೋದ ತಾಮ್ರ, ಹಿತ್ತಾಳೆ ಪಾತ್ರೆಗಳಲ್ಲಿ ತಾಮ್ರವೇ ಸಿ ಕೆಡುವುದನ್ನು ಚುರುಕುಗೊಳಿಸುತ್ತದೆ, ಸ್ಟೀಲಿನಲ್ಲಿ ಆ ಭಯವಿಲ್ಲ. ಬೋರ್‌ವೆಲ್ ನೀರಿಗೆ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ, ತಿಂಗಳಿಗೊಮ್ಮೆ ಹಿಂಡಿದ ನಿಂಬೆ ಸಿಪ್ಪೆ ಹಾಕಿ ಕುದಿಸಿದರೆ ಬಿಡುತ್ತದೆ. ಸವೆಯುವುದು ಗ್ಯಾಸ್ಕೆಟ್. ಅದು ಗಟ್ಟಿಯಾದಾಗ ಮುಚ್ಚಳದ ಅಂಚಿನಿಂದ ಹನಿ ಇಳಿಯುತ್ತದೆ, ಮೊದಲ ಕೂಗು ಐದರ ಬದಲು ಹತ್ತು ಹನ್ನೆರಡು ನಿಮಿಷಕ್ಕೆ ಬರುತ್ತದೆ. ಅಷ್ಟು ಹೊತ್ತೂ ತರಕಾರಿ ಬೇಯುತ್ತಲೇ ಇರುತ್ತದೆ, ತಳದ 300 ಮಿ.ಲೀ. ನೀರೂ ಆರಿ ಸೇಫ್ಟಿ ವಾಲ್ವ್ ಕರಗುವ ಅಪಾಯವಿದೆ. ಕೂಗು ತಡವಾದರೆ ಉರಿ ಹೆಚ್ಚಿಸಬೇಡಿ, ಗ್ಯಾಸ್ಕೆಟ್ ಬದಲಿಸಿ. ಅದೇ ಅಳತೆಯ, ಅದೇ ಕಂಪನಿಯ ಗ್ಯಾಸ್ಕೆಟ್ಟನ್ನೇ ಕೇಳಿ ತನ್ನಿ. ಅಂಗಡಿಯವರು "ಎಲ್ಲದಕ್ಕೂ ಕೂರುತ್ತೆ" ಎಂದು ಕೊಡುವುದು ಒಂದು ಕಡೆ ಉಬ್ಬಿ ಅಲ್ಲೇ ಸೋರುತ್ತದೆ.

ಮೂರು ನಾಲ್ಕು ಜನರ ಮನೆಗೆ ಐದು ಲೀಟರ್ ಸರಿಯಾದ ಅಳತೆ. ಇಬ್ಬರಿಗಾದರೆ ಮೂರು ಲೀಟರಿನದೇ ವಾಸಿ, ಬೇಗ ಕಾಯುತ್ತದೆ. ಇದಿದ್ದರೆ ಬೇರೆ ಎಲೆಕ್ಟ್ರಿಕ್ ಸ್ಟೀಮರ್ ಬೇಕಿಲ್ಲ. ಕೊಳ್ಳುವಾಗ ಡಬ್ಬಿಗಳು ತೂತಿಲ್ಲದವೇ ಎಂದು ಪೆಟ್ಟಿಗೆ ಬಿಚ್ಚಿಸಿ ನೋಡಿ, ಕೆಲವು ಸೆಟ್ಟುಗಳಲ್ಲಿ ಎರಡಕ್ಕೂ ತೂತಿರುತ್ತದೆ.